ಸಾಲದ ಬಡ್ಡಿ ಲೆಕ್ಕದ ಬಗ್ಗೆ ಸಂಘದ ಎಲ್ಲ ಸದಸ್ಯರಿಗೆ

ಜುಲೈ 18

ಪ್ರೀತಿಯ ಅಕ್ಕ ತಂಗಿಯರೇ,

ಮೊನ್ನೆ 10ನೇ ತಾರೀಖಿನ ಸಭೆ ಮುಗಿಯುವ ಹೊತ್ತಿಗೆ ಒಬ್ಬ ಅಕ್ಕ ಪಾಸ್‌ಬುಕ್ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಪುಸ್ತಕದ ಹಿಂದಿನ ರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಲೆಕ್ಕ ಹಾಕಿದ್ದರು. 10,000ದಲ್ಲಿ 1,300 ಕಳೆದರೆ 8,700. ಒಳಗೆ ನಾನು ಬರೆದಿದ್ದು 9,000. "ನಾನು ಕೊಟ್ಟ ಮುನ್ನೂರು ರೂಪಾಯಿ ಎಲ್ಲಿ ಹೋಯ್ತು?" ಅಂತ ಕೇಳಿದರು. ಅಷ್ಟೊತ್ತಿಗೆ ಎಲ್ಲರೂ ಎದ್ದು ಹೊರಟಿದ್ದರು, ನಾನೂ ದುಡ್ಡು ಎಣಿಸುತ್ತಿದ್ದೆ, ಸರಿಯಾಗಿ ಹೇಳೋಕೆ ಆಗಲಿಲ್ಲ. ಅವರು ಸುಮ್ಮನೆ ಹೋದರು. ಅದು ನನಗೆ ಮನೆಗೆ ಬಂದ ಮೇಲೂ ಕಾಡಿತು. ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದನ್ನು ಕೇಳದೆ ಮನಸ್ಸಿನಲ್ಲೇ ಇಟ್ಟುಕೊಂಡವರು ಇನ್ನೂ ಎಷ್ಟು ಜನ ಇದ್ದಾರೋ. ಅದಕ್ಕೇ ಈ ಪತ್ರ. ಓದೋಕೆ ಬಾರದವರಿಗೆ ಪಕ್ಕದವರು ದಯವಿಟ್ಟು ನಿಧಾನವಾಗಿ ಓದಿ ಹೇಳಿ, ಬೇಕಾದರೆ ಎರಡು ಸಲ.

ಮೊದಲು ಆ ಅಕ್ಕನ ಮುನ್ನೂರರ ವಿಷಯ. ಅವರು ತಂದ 1,300ರಲ್ಲಿ 100 ಆ ತಿಂಗಳ ಉಳಿತಾಯ. ಅದು ಅವರದೇ ದುಡ್ಡು, ಅವರ ಹೆಸರಿನಲ್ಲೇ ಜಮಾ ಆಗಿದೆ, ಸಾಲಕ್ಕೂ ಅದಕ್ಕೂ ಸಂಬಂಧ ಇಲ್ಲ. 200 ರೂಪಾಯಿ ಬಡ್ಡಿ. ಉಳಿದ 1,000 ಮಾತ್ರ ಅಸಲಿಗೆ ಹೋಯಿತು. ಹಾಗಾಗಿ ಸಾಲ 10,000ದಿಂದ 9,000ಕ್ಕೆ ಇಳಿಯಿತು. ಪಾಸ್‌ಬುಕ್‌ನಲ್ಲಿ ಉಳಿತಾಯ, ಬಡ್ಡಿ, ಅಸಲು ಅಂತ ಬೇರೆ ಬೇರೆ ಕಾಲಂ ಇರೋದು ಇದಕ್ಕೇ. ಒಟ್ಟು ಎಷ್ಟು ಕೊಟ್ಟಿರಿ ಅನ್ನೋದನ್ನು ನೋಡಿದರೆ ಸಾಲದು, ಯಾವ ಕಾಲಂಗೆ ಎಷ್ಟು ಬಿತ್ತು ಅಂತ ನೋಡಬೇಕು.

ಈಗ ಆ 200 ಹೇಗೆ ಬಂತು? ನಮ್ಮ ಸಂಘದ ಸ್ವಂತ ನಿಧಿಯಿಂದ ಕೊಡುವ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂತ ನಾವೆಲ್ಲ ಸೇರಿ ಠರಾವು ಮಾಡಿದ್ದೇವೆ, ನಡಾವಳಿ ಪುಸ್ತಕದಲ್ಲಿ ಎಲ್ಲರ ಸಹಿ ಇದೆ. ವರ್ಷದ ಲೆಕ್ಕಕ್ಕೆ ಅದು ನೂರಕ್ಕೆ 24. ಇದನ್ನು ಮುಚ್ಚಿಡೋದು ಬೇಡ, ಬ್ಯಾಂಕಿನವರು ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹೇಳುತ್ತಾರೆ, ನಾವು ತಿಂಗಳ ಲೆಕ್ಕದಲ್ಲಿ ಹೇಳುತ್ತೇವೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವಾಗ ಎಚ್ಚರ ಇರಲಿ.

ಲೆಕ್ಕ ಹಾಕೋಕೆ ಕ್ಯಾಲ್ಕುಲೇಟರ್ ಬೇಕಿಲ್ಲ. ಹಿಂದಿನ ಸಭೆಯ ದಿನ ಬಾಕಿ ಉಳಿದ ಅಸಲು ನೋಡಿ. ಅದರ ಕೊನೆಯ ಎರಡು ಸೊನ್ನೆಯನ್ನು ಹೆಬ್ಬೆರಳಿನಿಂದ ಮುಚ್ಚಿ. 10,000 ಇದ್ದರೆ 100 ಕಾಣುತ್ತದೆ. ಅದನ್ನು ಎರಡರಷ್ಟು ಮಾಡಿ, 200. ಅಷ್ಟೇ. ಆ ಅಕ್ಕನಿಗೆ ಆಗಸ್ಟ್‌ನಲ್ಲಿ ಬಾಕಿ 9,000, ಎರಡು ಸೊನ್ನೆ ಮುಚ್ಚಿದರೆ 90, ಎರಡರಷ್ಟು ಮಾಡಿದರೆ 180. ಈ ತಿಂಗಳಿಗಿಂತ 20 ರೂಪಾಯಿ ಕಡಿಮೆ. ಅಸಲು ಇಳಿದ ಹಾಗೆ ಬಡ್ಡಿಯೂ ಇಳಿಯುತ್ತದೆ. ಮೊದಲು ತೆಗೆದುಕೊಂಡ ಮೊತ್ತದ ಮೇಲೆ ಅಲ್ಲ, ಇನ್ನೂ ಕೈಯಲ್ಲಿ ಉಳಿದಿರುವ ಸಾಲದ ಮೇಲೆ ಮಾತ್ರ ಬಡ್ಡಿ. ಪತ್ರದಲ್ಲಿ ಇದೊಂದು ಮಾತು ನೆನಪಿದ್ದರೂ ಸಾಕು.

ಒಂದು ಪೂರ್ತಿ ಸಾಲ ನೋಡೋಣ. ಒಬ್ಬರು 12,000 ತೆಗೆದುಕೊಂಡು ತಿಂಗಳಿಗೆ 1,000 ಅಸಲು ಕಟ್ಟುತ್ತಾರೆ ಅಂದುಕೊಳ್ಳಿ. ಮೊದಲ ತಿಂಗಳು ಬಡ್ಡಿ 240. ಎರಡನೇ ತಿಂಗಳು 220, ಆಮೇಲೆ 200, 180, ಹೀಗೆ ಇಳಿಯುತ್ತಾ ಇಳಿಯುತ್ತಾ ಹನ್ನೆರಡನೇ ತಿಂಗಳು ಬರೀ 20 ರೂಪಾಯಿ. ಎಲ್ಲ ಕೂಡಿಸಿದರೆ 1,560. ಅದಕ್ಕೇ ಒಂದೇ ಸಾಲ ತೆಗೆದುಕೊಂಡ ಇಬ್ಬರ ಬಡ್ಡಿ ಒಂದೇ ತಿಂಗಳು ಬೇರೆ ಬೇರೆ ಇರಬಹುದು. ಒಬ್ಬರು ಮೊದಲು ತೆಗೆದುಕೊಂಡಿರುತ್ತಾರೆ, ಅಥವಾ ಜಾಸ್ತಿ ಕಟ್ಟಿರುತ್ತಾರೆ. ಇದರಲ್ಲಿ ಯಾರಿಗೂ ಪಕ್ಷಪಾತ ಇಲ್ಲ.

ಇದು ನನಗೆ ಯಾಕೆ ಇಷ್ಟು ಮುಖ್ಯ ಅಂತ ಹೇಳುತ್ತೇನೆ. ಸಂಘ ಸೇರುವ ಮೊದಲು ಹೊಲಿಗೆ ಯಂತ್ರಕ್ಕೆ ಅಂತ ಹೊರಗೆ ಒಂದು ಕಡೆ 20,000 ಸಾಲ ಮಾಡಿದ್ದೆ. "ಒಂದೂವರೆ ರೂಪಾಯಿ ಬಡ್ಡಿ ಅಷ್ಟೇ" ಅಂದರು, 20 ಕಂತು. ನಮ್ಮ ಸಂಘದ ಎರಡು ರೂಪಾಯಿಗಿಂತ ಕಡಿಮೆ ಅಲ್ವಾ? ಆದರೆ ಅವರು ಬಡ್ಡಿ ಹಾಕಿದ್ದು ಕೊನೆಯವರೆಗೂ ಪೂರ್ತಿ 20,000ದ ಮೇಲೆ. ಪ್ರತಿ ತಿಂಗಳು 1,000 ಅಸಲು, 300 ಬಡ್ಡಿ. ಕೊನೆಯ ಕಂತಿನ ದಿನ ನನ್ನ ಸಾಲ ಉಳಿದಿದ್ದು ಬರೀ ಸಾವಿರ ರೂಪಾಯಿ, ಆ ಸಾವಿರಕ್ಕೂ ಮುನ್ನೂರು ಬಡ್ಡಿ ಕಟ್ಟಿದೆ. ಒಟ್ಟು ಬಡ್ಡಿ 6,000. ಅದೇ 20,000ವನ್ನು ನಮ್ಮ ಸಂಘದಲ್ಲಿ ಎರಡು ರೂಪಾಯಿಗೆ ತೆಗೆದುಕೊಂಡು ಅದೇ ರೀತಿ 20 ಕಂತು ಕಟ್ಟಿದ್ದರೆ ಒಟ್ಟು ಬಡ್ಡಿ 4,200 ಆಗುತ್ತಿತ್ತು. 1,800 ರೂಪಾಯಿ ವ್ಯತ್ಯಾಸ. ಒಂದೂವರೆ ಅನ್ನೋ ಮಾತು ಕೇಳಿ ನಾನು ಮೋಸ ಹೋದೆ. ಅವರ ಲೆಕ್ಕಕ್ಕೆ ಫ್ಲಾಟ್ ಬಡ್ಡಿ ಅಂತಾರೆ, ನಮ್ಮದಕ್ಕೆ ಇಳಿಕೆ ಬಡ್ಡಿ. ಹೊರಗೆ ಯಾರೇ ಸಾಲ ಕೊಡುತ್ತೇನೆ ಅಂದರೂ ಬಡ್ಡಿ ಎಷ್ಟು ಅಂತ ಕೇಳಿ ಬಿಟ್ಟುಬಿಡಬೇಡಿ, ಯಾವುದರ ಮೇಲೆ ಅಂತಲೂ ಕೇಳಿ.

ಇನ್ನು ಕಂತು ತಪ್ಪಿದಾಗ ಏನು ಅನ್ನೋದು. ಮಕ್ಕಳ ಫೀಸು, ಆಸ್ಪತ್ರೆ ಖರ್ಚು, ಕೂಲಿ ಸಿಗದೇ ಇರೋದು, ಇದೆಲ್ಲ ನಮಗೆ ಗೊತ್ತಿರುವುದೇ. ಅಸಲು ಕಟ್ಟೋಕೆ ಆಗದಿದ್ದರೆ ಬಡ್ಡಿಯನ್ನಾದರೂ ಕಟ್ಟಿ. ಆಗ ಅಸಲು ಹಾಗೇ ಇರುತ್ತದೆ, ಮುಂದಿನ ತಿಂಗಳ ಬಡ್ಡಿಯೂ ಅಷ್ಟೇ ಬರುತ್ತದೆ. ಬಡ್ಡಿಯನ್ನೂ ಕಟ್ಟೋಕೆ ಆಗಲಿಲ್ಲವೇ? ಅದನ್ನು ಬಾಕಿ ಬಡ್ಡಿ ಅಂತ ಬೇರೆ ಬರೆದಿಡುತ್ತೇನೆ, ಅಸಲಿಗೆ ಸೇರಿಸುವುದಿಲ್ಲ. ನಮ್ಮ ಸಂಘದಲ್ಲಿ ಬಡ್ಡಿಗೆ ಬಡ್ಡಿ ಇಲ್ಲ. ಹಾಗಂತ ಅದು ಮಾಫಿಯೂ ಅಲ್ಲ, ಮುಂದಿನ ಸಲ ದುಡ್ಡು ತಂದಾಗ ಮೊದಲು ಬಾಕಿ ಬಡ್ಡಿಗೆ ಹೋಗುತ್ತದೆ, ಆಮೇಲೆ ಆ ತಿಂಗಳ ಬಡ್ಡಿಗೆ, ಉಳಿದದ್ದು ಅಸಲಿಗೆ.

ಇಲ್ಲೇ ಜಾಸ್ತಿ ಗೊಂದಲ ಆಗೋದು, ಹಾಗಾಗಿ ಅಂಕಿ ಹಾಕಿ ತೋರಿಸುತ್ತೇನೆ. ಒಬ್ಬರಿಗೆ 8,000 ಬಾಕಿ ಇದೆ, ಒಂದು ತಿಂಗಳು ಏನೂ ಕಟ್ಟಲಿಲ್ಲ. ಮುಂದಿನ ತಿಂಗಳು ಸಾಲಕ್ಕೆ ಅಂತ 1,000 ತಂದರು. ತಪ್ಪಿದ ತಿಂಗಳ ಬಡ್ಡಿ 160, ಈ ತಿಂಗಳದ್ದು 160, ಒಟ್ಟು 320. ಸಾವಿರದಲ್ಲಿ ಅದು ಹೋದರೆ ಅಸಲಿಗೆ ಸಿಗುವುದು 680. ಬಾಕಿ 7,320. ಅದರ ಮುಂದಿನ ತಿಂಗಳ ಬಡ್ಡಿ 146 ರೂಪಾಯಿ 40 ಪೈಸೆ. ಐವತ್ತು ಪೈಸೆಗಿಂತ ಕಡಿಮೆ ಇದ್ದರೆ ಬಿಡುತ್ತೇವೆ, ಐವತ್ತು ಅಥವಾ ಜಾಸ್ತಿ ಇದ್ದರೆ ಒಂದು ರೂಪಾಯಿ ಹಿಡಿಯುತ್ತೇವೆ, ಇಲ್ಲಿ 146 ಕಟ್ಟಿದರೆ ಸಾಕು. ಸಾವಿರ ಕೊಟ್ಟರೂ ಸಾಲ ಸಾವಿರ ಇಳಿಯಲಿಲ್ಲ ಅಂತ ಬೇಜಾರಾಗುತ್ತದೆ, ನನಗೆ ಅರ್ಥವಾಗುತ್ತದೆ. ಆದರೆ ಆ 320 ಎಲ್ಲೂ ಕಳೆದುಹೋಗಿಲ್ಲ, ಪಾಸ್‌ಬುಕ್‌ನ ಬಡ್ಡಿ ಕಾಲಂನಲ್ಲಿ ಇರುತ್ತದೆ.

ನಮ್ಮ ಲೆಕ್ಕಕ್ಕೆ ತಿಂಗಳು ಅಂದರೆ ಒಂದು ಸಭೆಯಿಂದ ಇನ್ನೊಂದು ಸಭೆ. ಫೆಬ್ರವರಿ ಆದರೂ ಒಂದೇ, ಜುಲೈ ಆದರೂ ಒಂದೇ. ಸಭೆಯ ದಿನ ಸಾಲ ತೆಗೆದುಕೊಂಡರೆ ಆ ದಿನ ಬಡ್ಡಿ ಇಲ್ಲ, ಮುಂದಿನ ಸಭೆಯಲ್ಲಿ ಒಂದು ತಿಂಗಳದ್ದು. ಮಧ್ಯದಲ್ಲಿ ತುರ್ತಿಗೆ ತೆಗೆದುಕೊಂಡರೆ ಮಾತ್ರ ದಿನದ ಲೆಕ್ಕ, ತಿಂಗಳಿಗೆ 30 ದಿನ ಅಂತ ಹಿಡಿದು. 25ನೇ ತಾರೀಖು 5,000 ಕೊಟ್ಟೆವು ಅನ್ನಿ, 10ನೇ ತಾರೀಖಿಗೆ 15 ದಿನ. ತಿಂಗಳ ಬಡ್ಡಿ 100, ಅದರ ಅರ್ಧ 50.

ಕೈಗೆ ದುಡ್ಡು ಬಂದಾಗ ಕಂತಿಗಿಂತ ಜಾಸ್ತಿ ಕಟ್ಟಬಹುದು. ಅದಕ್ಕೆ ದಂಡ ಗಿಂಡ ಏನೂ ಇಲ್ಲ. ಕೊಬ್ಬರಿ ಮಾರಿದ್ದು, ಚೀಟಿ ಎತ್ತಿದ್ದು, ಏನೇ ಇರಲಿ, 2,000 ಜಾಸ್ತಿ ಕಟ್ಟಿದರೆ ಮುಂದಿನ ತಿಂಗಳಿಂದಲೇ ಬಡ್ಡಿಯಲ್ಲಿ 40 ರೂಪಾಯಿ ಇಳಿಯುತ್ತದೆ. ತುಂಬಾ ಜನಕ್ಕೆ ಇದು ಗೊತ್ತಿಲ್ಲ, ಕಂತಿಗಿಂತ ಜಾಸ್ತಿ ತೆಗೆದುಕೊಳ್ಳೋದಿಲ್ಲ ಅಂದುಕೊಂಡಿದ್ದಾರೆ.

ಬ್ಯಾಂಕಿನಿಂದ ಸಂಘದ ಮೂಲಕ ಬಂದ ಸಾಲದ ಲೆಕ್ಕ ಬೇರೆ. ಅಲ್ಲಿ ಬ್ಯಾಂಕು ದಿನದ ಬಾಕಿ ನೋಡಿ ಬಡ್ಡಿ ಹಾಕುತ್ತದೆ, ನಾವು ತಡ ಮಾಡಿದಷ್ಟು ದಿನ ಅದು ಏರುತ್ತದೆ. ಅದರ ಬಗ್ಗೆ ಬ್ಯಾಂಕಿನ ಪಾಸ್‌ಬುಕ್ ಇಟ್ಟುಕೊಂಡೇ ಕೂತು ಮಾತಾಡೋಣ.

ಬಡ್ಡಿ ದುಡ್ಡು ಎಲ್ಲಿ ಹೋಗುತ್ತದೆ ಅಂತ ಇಬ್ಬರು ಕೇಳಿದ್ದರು. ನಮ್ಮ ನಿಧಿಗೇ. ಈಗ 15 ಜನರ ಮೇಲೆ ಒಟ್ಟು 1,80,000 ಸಾಲ ಹೊರಗಿದೆ, ಅದರ ಬಡ್ಡಿ ತಿಂಗಳಿಗೆ 3,600. ಅದರಿಂದಲೇ ಪುಸ್ತಕ, ಬ್ಯಾಂಕಿಗೆ ಓಡಾಡುವ ಬಸ್ ಖರ್ಚು ಹೋಗಿ ಉಳಿದದ್ದು ಇನ್ನೊಬ್ಬರಿಗೆ ಸಾಲವಾಗಿ ಹೋಗುತ್ತದೆ. ನೀವು ಕಟ್ಟಿದ ಬಡ್ಡಿಯಲ್ಲಿ ನಿಮ್ಮದೂ ಪಾಲಿದೆ.

ಬಡ್ಡಿಯನ್ನು ಒಂದೂವರೆಗೆ ಇಳಿಸಬೇಕು ಅಂತ ಕೆಲವರು ಹೇಳುತ್ತಿದ್ದಾರೆ. ಇಳಿಸಿದರೆ ನಿಧಿಗೆ ತಿಂಗಳಿಗೆ 900 ಕಡಿಮೆ ಬರುತ್ತದೆ. 12,000 ಸಾಲ ಮಾಡಿದವರಿಗೆ ವರ್ಷಕ್ಕೆ 390 ಉಳಿಯುತ್ತದೆ. ನನ್ನ ಮನಸ್ಸಿನಲ್ಲಿ ಇಳಿಸುವುದೇ ಸರಿ, ಯಾಕೆಂದರೆ ನಿಧಿ ಈಗ ಚೆನ್ನಾಗಿ ಬೆಳೆದಿದೆ, ಸಾಲ ಮಾಡುವವರು ನಮ್ಮಲ್ಲೇ ಕಷ್ಟದಲ್ಲಿರುವವರು. ಆದರೆ ಇದು ಖಜಾಂಚಿ ಒಬ್ಬಳು ತೀರ್ಮಾನ ಮಾಡುವ ವಿಷಯ ಅಲ್ಲ. ಠರಾವು ಆಗಲಿ.

ಇನ್ನೊಂದು ವಿಷಯ ಹೇಳಲೇಬೇಕು. ಈ ಪತ್ರ ಬರೆಯುವ ಮೊದಲು ಎಲ್ಲರ ಸಾಲದ ಲೆಡ್ಜರ್ ಮತ್ತೆ ನೋಡಿದೆ. ಜೂನ್‌ನಲ್ಲಿ ಒಬ್ಬರಿಗೆ 7,000 ಬಾಕಿ ಇದ್ದಾಗ 140 ಬದಲು 160 ತೆಗೆದುಕೊಂಡಿದ್ದೇನೆ, ಹಳೆಯ ಬಾಕಿ ನೋಡಿ ಬರೆದುಬಿಟ್ಟಿದ್ದೆ. ತಪ್ಪು ನನ್ನದು. ಅವರ ಮನೆಗೆ ಹೋಗಿ ಹೇಳಿ ಬಂದೆ, ಜಾಸ್ತಿ ತೆಗೆದುಕೊಂಡ 20 ರೂಪಾಯಿಯನ್ನು ಅಸಲಿಗೆ ಜಮಾ ಮಾಡಿ ಪಕ್ಕದಲ್ಲಿ ನಾನೂ ಅವರೂ ಸಹಿ ಹಾಕಿದ್ದೇವೆ. ಎರಡು ಕಣ್ಣಿಗಿಂತ ನಾಲ್ಕು ಕಣ್ಣು ಒಳ್ಳೆಯದು, ಅದಕ್ಕೇ ಇನ್ನು ಮುಂದೆ ನಾನು ಬರೆದ ಕೂಡಲೇ ನೀವೇ ಬಾಯಿಬಿಟ್ಟು ಬಾಕಿ ಎಷ್ಟು ಅಂತ ಓದಿ ಹೇಳಬೇಕು, ಆಮೇಲೆ ಸಹಿ.

ಆಗಸ್ಟ್ 10ರ ಸಭೆ ಸಂಜೆ 4ಕ್ಕೆ. ನಾನು ಮೂರೂವರೆಗೇ ಲೆಡ್ಜರ್ ಹಿಡಿದು ಕೂತಿರುತ್ತೇನೆ. ಅನುಮಾನ ಇರುವವರು ಪಾಸ್‌ಬುಕ್ ತನ್ನಿ, ಪೆನ್ಸಿಲ್ ಲೆಕ್ಕ ಹಾಕಿದ್ದರೆ ಅಳಿಸದೆ ಹಾಗೇ ತನ್ನಿ. 10,000ದ ಅಕ್ಕ, ನೀವು ಮೊದಲು ಬನ್ನಿ.

ನಿಮ್ಮ ತಂಗಿ,
ಸಂಘದ ಖಜಾಂಚಿ