ಕಡಲ ದಡದಿಂದ 2,900 ಮೀಟರ್‌ವರೆಗೆ: ನಾಲ್ವರ 21 ದಿನಗಳ ಯೋಜನೆ

ಇಪ್ಪತ್ತು ರಾತ್ರಿ, ಐದೇ ತಂಗುದಾಣ. ನೋಡುವ ಜಾಗಗಳ ಪಟ್ಟಿಗಿಂತ ಮೊದಲು ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ ಎಂಬುದನ್ನು ಗೊತ್ತುಮಾಡಿಕೊಂಡಿದ್ದೇವೆ. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಂಡು ಬಂದಿದೆ. ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ದಡದಲ್ಲಿ ಮಧ್ಯಾಹ್ನ 32 ಡಿಗ್ರಿ ಇದ್ದ ದಿನ ಮೇಲಿನ ನೆಲೆಯಲ್ಲಿ 13ರ ಆಸುಪಾಸು, ಆಕಾಶ ತಿಳಿಯಾಗಿದ್ದರೆ ರಾತ್ರಿ ಸೊನ್ನೆಯ ಹತ್ತಿರ. ಗಾಳಿ ಬೀಸಿದರೆ ಇನ್ನೂ ಚಳಿ.

ದಿನ 1–6, ಕರಾವಳಿ. ಸೆಕೆಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಹಾಗಾಗಿ ಮೊದಲ ನಾಲ್ಕು ದಿನ 11ರಿಂದ 4 ಗಂಟೆವರೆಗೆ ಬಿಸಿಲಿಗೆ ಇಳಿಯುವುದಿಲ್ಲ, ನಡಿಗೆಯೆಲ್ಲ ಬೆಳಿಗ್ಗೆ. ಬೆವರು ಆರದ ಗಾಳಿಯಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ, ಎರಡನ್ನೂ ತುಂಬಿಕೊಳ್ಳಬೇಕು. ಬಟ್ಟೆ ಒಗೆಯುವುದು ಐದನೇ ದಿನ ಬೆಳಿಗ್ಗೆ. ಆರನೇ ದಿನಕ್ಕೆ ಬಿಟ್ಟರೆ ಹಸಿ ಬಟ್ಟೆ ಚೀಲ ಸೇರಿ, ಎರಡು ದಿನದಲ್ಲಿ ಮುಗ್ಗಲು ಹಿಡಿಯುತ್ತದೆ. ಚೀಲದ ಜಿಪ್, ಕ್ಯಾಮೆರಾ ಸ್ಟ್ಯಾಂಡ್‌ನ ತಿರುಪುಗಳನ್ನು ಸಿಹಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಉಪ್ಪು ಕೂತ ಜಿಪ್ ಮೇಲೆ ಹೋದ ಮೇಲೆ, ಚಳಿಯಲ್ಲಿ, ಕೈಕೊಡುತ್ತದೆ. ಕೊನೆಗೆ ಇಲ್ಲಿಗೇ ಮರಳುವುದರಿಂದ ಈಜುಡುಗೆ, ತೆಳು ಚಪ್ಪಲಿ ಇಲ್ಲೇ ಗಂಟು ಕಟ್ಟಿಡುತ್ತೇವೆ.

ದಿನ 7–11, 900 ಮೀಟರ್, ಕಡಲಿಗೆ ಮುಖ ಮಾಡಿದ ಇಳಿಜಾರು. ಇಡೀ ದಾರಿಯಲ್ಲಿ ಹೆಚ್ಚು ಮಳೆ ಬೀಳುವ ಜಾಗವೆಂದರೆ ಇದೇ. ಕಡಲಿನ ತೇವದ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರಿ, ತಣಿದು, ಇಲ್ಲೇ ಸುರಿಯುತ್ತದೆ. ಬೆಟ್ಟದ ಆಚೆ ಬದಿ ಒಣಗಿರುವುದಕ್ಕೂ ಇದೇ ಕಾರಣ. ದಡದ ಹವಾಮಾನ ವರದಿ ನೋಡಿ ಇಲ್ಲಿನ ದಿನ ಯೋಜಿಸಬೇಡಿ. ಹತ್ತಿಬಟ್ಟೆ ಇಲ್ಲಿ ಒಣಗುವುದಿಲ್ಲ. ಬೇಗ ಆರುವ ಎರಡು ಜೊತೆ ಮಾತ್ರ ಹೊರಗೆ, ಉಳಿದದ್ದು ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿ. ಜಿಗಣೆಗೆ ಉದ್ದ ಕಾಲುಚೀಲ. ಹತ್ತನೇ ದಿನ ಖಾಲಿ: ರಸ್ತೆಗೆ ಗುಡ್ಡ ಕುಸಿದರೆ ಅಥವಾ ಯಾರಿಗಾದರೂ ಹೊಟ್ಟೆ ಕೆಟ್ಟರೆ ಈ ದಿನ ಬಳಕೆಗೆ ಬರುತ್ತದೆ. ದಯವಿಟ್ಟು ಅದನ್ನು ಯಾರೂ ಮೊದಲೇ ತುಂಬಿಸಬೇಡಿ.

ದಿನ 12–14, 1,900 ಮೀಟರ್, ಬೆಟ್ಟದ ಒಣ ಮಗ್ಗುಲು. ಬಂದ ದಿನವೇ ಎಲ್ಲ ಬಟ್ಟೆ ಒಗೆದು ಹಾಕಿ, ಸಂಜೆಗೆ ಗರಿಗರಿ. ಹದಿನಾಲ್ಕನೇ ದಿನ ಎರಡನೆಯ ಖಾಲಿ ದಿನ.

ದಿನ 15–19, 2,500 ಮತ್ತು 2,900 ಮೀಟರ್. ಇಲ್ಲಿ ಆತುರ ಸಲ್ಲದು. 2,500ರಲ್ಲಿ ಎರಡು ರಾತ್ರಿ, ಆಮೇಲೆ 2,900ರಲ್ಲಿ ಮೂರು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಎಂಬುದು ಸಾಮಾನ್ಯ ನಿಯಮ. ನಾವು ಅದಕ್ಕೂ ಕೆಳಗೇ ಇರುತ್ತೇವೆ. 18ರಂದು 3,300ರ ಕಣಿವೆಯಂಚಿಗೆ ಹೋಗಿ ಮಧ್ಯಾಹ್ನದೊಳಗೆ ವಾಪಸ್, ಏಕೆಂದರೆ ಬಿಸಿಲಿಗೆ ಕಾದ ಇಳಿಜಾರಿನ ಗಾಳಿ ಮೇಲೇರಿ ಮಧ್ಯಾಹ್ನದ ನಂತರ ಗುಡುಗು ಕಟ್ಟುತ್ತದೆ. ನೆಲೆ ಬದಲಿಸುವ ದಿನಗಳಲ್ಲೂ ಬೆಳಿಗ್ಗೆ 6.30ಕ್ಕೆ ಹೊರಡುವುದು ಇದಕ್ಕಾಗಿಯೇ.

ತಲೆನೋವಿನ ಜೊತೆ ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಕಂಡರೆ ಅದನ್ನು ಎತ್ತರದ ಕಾಯಿಲೆ ಎಂದೇ ತಿಳಿಯಿರಿ. ಇಳಿಯುವವರೆಗೂ ಮುಚ್ಚಿಡಬೇಡಿ. ಲಕ್ಷಣ ಕಂಡವರು ಇನ್ನೂ ಮೇಲೆ ಹೋಗುವುದಿಲ್ಲ. ಹೆಚ್ಚಾದರೆ 300ರಿಂದ 1,000 ಮೀಟರ್ ಕೆಳಗೆ. ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ, ಕೂತಲ್ಲೇ ಏದುಸಿರು ಬಂದರೆ ರಾತ್ರಿಯಾದರೂ ಆಗಲೇ ಇಳಿಯುವುದು, ಜೊತೆಗೆ ಒಬ್ಬರು. ಎತ್ತರದ ಕಾಯಿಲೆ ತಡೆಯುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಎಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ, ಸಲ್ಫಾ ಔಷಧಿ ಆಗದಿದ್ದರೆ ಅದನ್ನೂ ಹೇಳಿ. ಮದ್ಯ, ನಿದ್ರೆಮಾತ್ರೆ ಮೇಲೆ ಬೇಡ.

2,900ರಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಕುಡಿಯುವ ನೀರನ್ನು ಮೂರು ನಿಮಿಷ ಕುದಿಸಿ. ಬೇಳೆ ಬೇಯಲು ಕುಕ್ಕರ್ ಬೇಕೇಬೇಕು. ದಡದಲ್ಲಿ ಮುಚ್ಚಿದ ಪೊಟ್ಟಣಗಳು ಮೇಲೆ ಉಬ್ಬಿರುತ್ತವೆ, ಸನ್‌ಸ್ಕ್ರೀನ್ ಟ್ಯೂಬಿನ ಮುಚ್ಚಳ ತೆಗೆದೊಡನೆ ತಾನೇ ಚಿಮ್ಮುತ್ತದೆ, ಚೀಲದ ಮೇಲೆ ಹಿಡಿದು ತೆರೆಯಬೇಡಿ. ಸಾವಿರ ಮೀಟರಿಗೆ ಅತಿನೇರಳೆ ಕಿರಣ ಶೇಕಡ 10ರಷ್ಟು ಹೆಚ್ಚುವುದರಿಂದ ಚಳಿಯಲ್ಲೂ ಮೂಗು, ಕಿವಿ, ತುಟಿಗೆ ಹಚ್ಚಲೇಬೇಕು. ಬ್ಯಾಟರಿಗಳು ರಾತ್ರಿ ಹೊದಿಕೆಯೊಳಗೆ ಇರಲಿ.

ಉಡುಪು: ಮೈಗಂಟುವ ತೆಳುಅಂಗಿ, ಉಣ್ಣೆ, ಗಾಳಿಮಳೆ ತಡೆಯುವ ಜಾಕೆಟ್. ಬೇರೆ ದಪ್ಪ ಕೋಟು ಬೇಡ, ಹನ್ನೊಂದು ದಿನ ಸುಮ್ಮನೆ ಹೊರುವ ಭಾರ. ತಲೆಗೆ ಟೋಪಿ, ಕೈಗವಸು. ಒಬ್ಬರಿಗೆ 9 ಕಿಲೋ ಮೀರದಿರಲಿ.

ದಿನ 20ರ ರಾತ್ರಿ 1,900ರಲ್ಲಿ, 21ಕ್ಕೆ ದಡ. ಕ್ಯಾಮೆರಾವನ್ನು ಮೇಲೆಯೇ ಗಾಳಿಯಾಡದ ಚೀಲದಲ್ಲಿ ಮುಚ್ಚಿ. ಕೆಳಗೆ ಬಂದು ಒಂದೆರಡು ಗಂಟೆ ಬಿಟ್ಟೇ ತೆರೆಯಿರಿ, ಇಲ್ಲದಿದ್ದರೆ ತಣ್ಣನೆಯ ಗಾಜಿನ ಮೇಲೆ ದಡದ ತೇವವೆಲ್ಲ ಹನಿಯಾಗಿ ಕೂರುತ್ತದೆ.