ಮೆಣಸಿನಕಾಯಿ ಪಟ್ಟಿ ಆಪ್: 2.4.0ರ ಚೇಂಜ್‌ಲಾಗ್, ವಿಂಗಡಿಸಿ ಬರೆದದ್ದು

ಅಣ್ಣಾ, `CHANGELOG.md`ನಲ್ಲಿ ನೀವು ಬರೆದದ್ದು ಹೀಗಿತ್ತು:

> ಡಬ್ಬಿ, ಕಡ್ಡಿ ಆರಿಸೋದು ಬಂತು. ಪಟ್ಟಿಯಲ್ಲಿ ತೂಕ ಕಡಿಮೆ ಬರ್ತಿತ್ತು, ಈಗ ಸರಿ. ಹಮಾಲಿ ಬೇರೆ ಸಾಲಿನಲ್ಲಿ ಬರುತ್ತದೆ, ನೆಟ್ ಇಲ್ಲದಿದ್ದರೂ ಪಟ್ಟಿ ಮಾಡಬಹುದು. ಒಂದೇ ಲಾಟ್ ನಂಬರ್ ಎರಡು ಸಲ ಬೀಳ್ತಿತ್ತು. ಕೋಡ್ ಸ್ವಲ್ಪ ಕ್ಲೀನ್ ಮಾಡಿದೆ.

ಇದನ್ನು ಹೀಗೆ ಜೋಡಿಸಿದ್ದೇನೆ:

## 2.4.0 (2025-01-10)

### ಸೇರಿಸಿದ್ದು

- ಲಾಟ್ ಬರೆಯುವಾಗ ಬ್ಯಾಡಗಿ ಡಬ್ಬಿಯೋ ಕಡ್ಡಿಯೋ ಎಂದು ಆರಿಸಬಹುದು. ಪಟ್ಟಿಯಲ್ಲೂ ಅದೇ ಹೆಸರು ಬರುತ್ತದೆ.
- ನೆಟ್ ಇಲ್ಲದಿದ್ದರೂ ಪಟ್ಟಿ ಮಾಡಿ ಪ್ರಿಂಟ್ ತೆಗೆಯಬಹುದು. ನೆಟ್ ಬಂದ ಮೇಲೆ ಲೆಕ್ಕ ತಾನಾಗಿ ಸೇರುತ್ತದೆ.

### ಬದಲಾಯಿಸಿದ್ದು

- ಮೊದಲು "ಖರ್ಚು" ಎಂದು ಒಂದೇ ಸಾಲು ಇತ್ತು. ಈಗ ಹಮಾಲಿಗೆ ಬೇರೆ ಸಾಲು.

### ಸರಿಪಡಿಸಿದ್ದು

- ಒಟ್ಟು ತೂಕ ಕಡಿಮೆ ಬರುತ್ತಿದ್ದದ್ದು. ಪ್ರತಿ ಚೀಲದ ತೂಕವನ್ನೂ ಪೂರ್ಣ ಕಿಲೋಗೆ ಇಳಿಸಿ ಕೂಡುತ್ತಿತ್ತು. 24.4, 25.3, 24.4 ಕಿಲೋದ ಮೂರು ಚೀಲಕ್ಕೆ 74.1 ಬರಬೇಕು, ಪಟ್ಟಿಯಲ್ಲಿ 73 ಬರುತ್ತಿತ್ತು. ಈಗ ಚೀಲದ ತೂಕವನ್ನು ಇದ್ದ ಹಾಗೆಯೇ ಕೂಡುತ್ತದೆ. ಹಳೆಯ ಪಟ್ಟಿಗಳು ತಾವಾಗಿ ಸರಿಯಾಗುವುದಿಲ್ಲ. ಪಟ್ಟಿ ತೆರೆದು "ಮತ್ತೆ ಲೆಕ್ಕ" ಒತ್ತಬೇಕು.
- ಇಬ್ಬರು ಒಟ್ಟಿಗೆ ಬರೆದಾಗ ಒಂದೇ ಲಾಟ್ ನಂಬರ್ ಎರಡು ಸಲ ಬೀಳುತ್ತಿದ್ದದ್ದು.

ಹಮಾಲಿ, ನೆಟ್ ಎರಡನ್ನೂ ನೀವು ಒಂದೇ ವಾಕ್ಯದಲ್ಲಿ ಹಾಕಿದ್ದಿರಿ. ಒಂದು ಇದ್ದದ್ದು ಬೇರೆಯಾದದ್ದು, ಇನ್ನೊಂದು ಹೊಸದಾಗಿ ಬಂದದ್ದು, ಅದಕ್ಕೆ ಒಡೆದೆ. ಕೋಡ್ ಕ್ಲೀನ್ ಮಾಡಿದ್ದನ್ನು ಬಿಟ್ಟೆ. ಅದು ನಮಗೆ ದೊಡ್ಡ ಕೆಲಸ, ನಿಜ. ಆದರೆ ಅಂಗಡಿಯಲ್ಲಿ ಕೂತವರಿಗೆ ಅದರಿಂದ ಏನೂ ಬೇರೆ ಕಾಣುವುದಿಲ್ಲ. ಕಮಿಟ್‌ನಲ್ಲಿ ಹೇಗೂ ಇದೆಯಲ್ವಾ.

ಜಾಸ್ತಿ ಯೋಚನೆ ಮಾಡಿದ್ದು ತೂಕದ ಸಾಲಿನ ಬಗ್ಗೆ. ಲೆಕ್ಕದ ರೀತಿಯೇ ಬೇರೆಯಾದ್ದರಿಂದ "ಬದಲಾಯಿಸಿದ್ದು" ಅಡಿಯಲ್ಲಿ ಹಾಕೋಣ ಅಂತ ಮೊದಲು ಅನಿಸಿತು. ಬೇಡ. ಕ್ವಿಂಟಲ್‌ಗೆ 20,000 ರೂಪಾಯಿ ದರ ಹಿಡಿದರೆ ಆ 1.1 ಕಿಲೋಗೆ 220 ರೂಪಾಯಿ. ಅದು ರೈತನ ದುಡ್ಡು. ತಪ್ಪು ನಮ್ಮದು, ಹಾಗಾಗಿ "ಸರಿಪಡಿಸಿದ್ದು" ಅಂತಲೇ ಇರಲಿ. ನಿಮ್ಮ "ಈಗ ಸರಿ" ಅನ್ನುವ ಎರಡೇ ಮಾತಿನಲ್ಲಿ ಎಷ್ಟು ಕಡಿಮೆ ಬರುತ್ತಿತ್ತು, ಹಳೆಯ ಪಟ್ಟಿಗೆ ಏನು ಮಾಡಬೇಕು ಅನ್ನೋದು ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಚೀಲದ ಲೆಕ್ಕವನ್ನೂ ಬರೆದೆ.

ಲಾಟ್ ನಂಬರಿನ ಸಾಲನ್ನು ಒಮ್ಮೆ ನೋಡಿ. ಇಬ್ಬರು ಒಟ್ಟಿಗೆ ಬರೆದಾಗ ಮಾತ್ರ ಹಾಗಾಗುತ್ತಿತ್ತು ಅಂತ ನಾನು ತಿಳಿದಿದ್ದೇನೆ. ಬೇರೆ ಕಾರಣವೂ ಇದ್ದರೆ ಹೇಳಿ, ಸೋಮವಾರದ ಮಾರುಕಟ್ಟೆಗೆ ಮೊದಲು ಸೇರಿಸುತ್ತೇನೆ.