ತಾಳಿಕೋಟೆ ಕದನದ ಕುರಿತ ನಿಮ್ಮ ಪ್ರಬಂಧದ ಕರಡಿಗೆ ನನ್ನ ಟಿಪ್ಪಣಿ

ಮಂಜುನಾಥ ಅವರಿಗೆ ನಮಸ್ಕಾರ.

1565ರ ತಾಳಿಕೋಟೆ ಕದನದಲ್ಲಿ ದಖನ್ನಿನ ಸುಲ್ತಾನರು ಒಂದಾಗಿ ವಿಜಯನಗರವನ್ನು ಸೋಲಿಸಿದ್ದನ್ನು ಕುರಿತು ಸೆಮಿನಾರಿಗೆಂದು ನೀವು ಸಿದ್ಧಪಡಿಸಿರುವ ‘ವಿಜಯನಗರದ ಪತನ: ಕದನವೋ, ರಾಜತಂತ್ರದ ಸೋಲೋ?’ ಎಂಬ ಪ್ರಬಂಧದ ಕರಡನ್ನು ಪೂರ್ತಿಯಾಗಿ ಓದಿದೆ. ಸಹಪಾಠಿಗಳು ಪರಸ್ಪರ ಲಿಖಿತ ಅಭಿಪ್ರಾಯ ನೀಡಬೇಕೆಂದು ಮೇಷ್ಟ್ರು ಹೇಳಿರುವುದು ನಿಜವಾದರೂ, ಈ ಟಿಪ್ಪಣಿ ಇಷ್ಟು ಉದ್ದವಾಗಲು ಅದೊಂದೇ ಕಾರಣವಲ್ಲ. ನಿಮ್ಮ ವಾದ ನನಗೆ ಮೆಚ್ಚುಗೆಯಾಯಿತು, ಆದರೆ ಅದಕ್ಕೆ ಒದಗಿಸಿರುವ ಆಧಾರ ಅದರ ತೂಕವನ್ನು ಹೊರುವಂತಿಲ್ಲ ಎಂದು ಅನ್ನಿಸಿತು. ಕಾಗುಣಿತ ಮತ್ತು ವಾಕ್ಯರಚನೆಯ ಸಣ್ಣಪುಟ್ಟ ತಿದ್ದುಪಡಿಗಳನ್ನು ಕರಡಿನ ಅಂಚಿನಲ್ಲಿಯೇ ಪೆನ್ಸಿಲ್‌ನಲ್ಲಿ ಗುರುತು ಮಾಡಿದ್ದೇನೆ. ಇಲ್ಲಿ ಆಕರಗಳ ವಿಷಯವನ್ನಷ್ಟೇ ಬರೆಯುತ್ತೇನೆ.

ಮೊದಲು, ಯಾವುದನ್ನು ಕೈಬಿಡಬಾರದು ಎಂಬುದನ್ನು ಹೇಳಿಬಿಡುತ್ತೇನೆ. ಮೂರನೆಯ ಪುಟದಲ್ಲಿ ನೀವು, ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹನು ಪಟ್ಟಕ್ಕೆ ಬರುವ ಮೊದಲು ವರ್ಷಗಟ್ಟಲೆ ವಿಜಯನಗರದಲ್ಲಿಯೇ ಆಶ್ರಯ ಪಡೆದಿದ್ದನೆಂದೂ, 1558ರ ಸುಮಾರಿಗೆ ಬಿಜಾಪುರದ ಅಲಿ ಆದಿಲ್ ಶಾಹನು ಆಗ ವಿಜಯನಗರದ ಆಡಳಿತ ನಡೆಸುತ್ತಿದ್ದ ರಾಮರಾಯನ ನೆರವಿನಿಂದಲೇ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದನೆಂದೂ ಬರೆದು, ‘ನಿನ್ನೆಯ ಮಿತ್ರರು ಒಂದೇ ದಶಕದಲ್ಲಿ ಏಕೆ ವೈರಿಗಳಾದರು?’ ಎಂದು ಕೇಳಿದ್ದೀರಿ. ಇಡೀ ಪ್ರಬಂಧದ ಜೀವ ಇರುವುದು ಈ ಪ್ರಶ್ನೆಯಲ್ಲಿ. ಎರಡು ಧರ್ಮಗಳ ನಡುವಿನ ಯುದ್ಧವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವ ರೂಢಿಯ ವಿವರಣೆ ಈ ಪ್ರಶ್ನೆಯ ಎದುರು ನಿಲ್ಲುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಭಾಗವನ್ನು ಮೊದಲನೆಯ ಪುಟಕ್ಕೇ ತರಬೇಕು. ಈಗ ಅಲ್ಲಿರುವ, ಮುತ್ತುರತ್ನಗಳನ್ನು ಬೀದಿಯಲ್ಲಿ ಬಳ್ಳದಿಂದ ಅಳೆದು ಮಾರುತ್ತಿದ್ದರೆಂಬ ವರ್ಣನೆಯನ್ನು ಪ್ರಾಥಮಿಕ ಶಾಲೆಯಿಂದಲೂ ಎಲ್ಲರೂ ಕೇಳಿಕೊಂಡೇ ಬಂದಿದ್ದೇವೆ. ಅದು ನಿಮ್ಮ ವಾದಕ್ಕೆ ಏನನ್ನೂ ಸೇರಿಸುವುದಿಲ್ಲ.

ಇನ್ನು ತೊಂದರೆ ಇರುವ ಕಡೆಗೆ ಬರುತ್ತೇನೆ. ಐದನೆಯ ಪುಟದಲ್ಲಿ ‘ರಾಮರಾಯನ ಅಹಂಕಾರವೇ ಸುಲ್ತಾನರನ್ನು ಒಂದುಗೂಡಿಸಿತು’ ಎಂದು ನಿರ್ಣಯದ ಧಾಟಿಯಲ್ಲಿ ಬರೆದು, ಅದಕ್ಕೆ ಮೂರು ಅಡಿಟಿಪ್ಪಣಿಗಳನ್ನು ಕೊಟ್ಟಿದ್ದೀರಿ: ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥ, ಒಂದು ಪ್ರವಾಸಿ ಕೈಪಿಡಿ ಮತ್ತು ಪತ್ರಿಕೆಯ ಪುರವಣಿಯ ಒಂದು ಲೇಖನ. ನೋಡುವವರಿಗೆ ಮೂರು ಸಾಕ್ಷಿಗಳಿದ್ದಂತೆ ತೋರುತ್ತದೆ. ಆದರೆ ಕೈಪಿಡಿಯೂ ಪುರವಣಿಯೂ ಸಿವೆಲ್ ಹೇಳಿದ್ದನ್ನೇ ಮತ್ತೆ ಹೇಳುತ್ತವೆ, ಸಿವೆಲ್ ಈ ಭಾಗದಲ್ಲಿ ಬಹುಮಟ್ಟಿಗೆ ಫೆರಿಶ್ತಾನನ್ನು ಅನುಸರಿಸುತ್ತಾನೆ, ಅದೂ ಜಾನ್ ಬ್ರಿಗ್ಸ್ 1829ರಲ್ಲಿ ಹೊರತಂದ ಇಂಗ್ಲಿಷ್ ಅನುವಾದದ ಮೂಲಕ. ಹಾಗಾಗಿ ನಿಮ್ಮ ಬಳಿ ಇರುವುದು ಒಂದೇ ಸಾಕ್ಷಿ. ಆ ಸಾಕ್ಷಿಯಾದರೂ ಯಾರು? ಕದನ ನಡೆದು ನಾಲ್ಕು ದಶಕಗಳ ಮೇಲೆ, ಬಿಜಾಪುರದಲ್ಲಿ, ಗೆದ್ದ ಮನೆತನದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ ಕುಳಿತು ಬರೆದವನು. ಸೋತವನು ಗರ್ವಿಷ್ಠನಾಗಿದ್ದ, ಆದ್ದರಿಂದ ಅವನ ಮೇಲೆ ದಂಡೆತ್ತಿ ಹೋದದ್ದು ನ್ಯಾಯವಾಗಿತ್ತು ಎಂದು ಹೇಳಬೇಕಾದ ಅಗತ್ಯ ಅಂಥ ಆಸ್ಥಾನಕ್ಕೆ ಇತ್ತು. ಇದರ ಅರ್ಥ ಫೆರಿಶ್ತಾ ಸುಳ್ಳು ಹೇಳಿದ್ದಾನೆಂದಲ್ಲ. ಅವನ ಮಾತನ್ನು ಅವನ ಮಾತೆಂದೇ ತೋರಿಸಬೇಕೆಂಬುದಷ್ಟೇ ನನ್ನ ಸೂಚನೆ.

ಉದಾಹರಣೆಗೆ ಆ ವಾಕ್ಯವನ್ನು ಹೀಗೆ ತಿದ್ದಬಹುದು: ‘ಬಿಜಾಪುರದ ಆಸ್ಥಾನದಲ್ಲಿದ್ದು 17ನೆಯ ಶತಮಾನದ ಆರಂಭದಲ್ಲಿ ಬರೆದ ಫೆರಿಶ್ತಾ, ಸುಲ್ತಾನರು ಒಂದಾದುದಕ್ಕೆ ರಾಮರಾಯನ ಉದ್ಧಟತನವನ್ನು ಕಾರಣವಾಗಿ ಕೊಡುತ್ತಾನೆ, ಆದರೆ ಅವನೇ ವಿವರಿಸುವ ವಿವಾಹ ಸಂಬಂಧಗಳು ಮತ್ತು ಸೊಲ್ಲಾಪುರದ ಕೋಟೆಯ ಹಸ್ತಾಂತರ, ಆ ಮೈತ್ರಿಯ ಹಿಂದೆ ರಾಜಕೀಯ ಲೆಕ್ಕಾಚಾರವಿತ್ತೆಂಬುದನ್ನೂ ತೋರಿಸುತ್ತವೆ.’ ಅಹಮದ್‌ನಗರದ ಹುಸೇನ್ ನಿಜಾಮ್ ಶಾಹನು ತನ್ನ ಮಗಳು ಚಾಂದ್ ಬೀಬಿಯನ್ನು ಅಲಿ ಆದಿಲ್ ಶಾಹನಿಗೆ ಕೊಟ್ಟು, ಬಹುಕಾಲದ ಜಗಳಕ್ಕೆ ಕಾರಣವಾಗಿದ್ದ ಸೊಲ್ಲಾಪುರದ ಕೋಟೆಯನ್ನೂ ಅವಳೊಡನೆ ಬಿಟ್ಟುಕೊಟ್ಟ ಸಂಗತಿ ನಿಮ್ಮ ಕರಡಿನಲ್ಲಿ ಎಲ್ಲಿಯೂ ಇಲ್ಲ. ರಾಜತಂತ್ರವೇ ಮುಖ್ಯವೆಂದು ವಾದಿಸುವ ಪ್ರಬಂಧದಲ್ಲಿ ಇದನ್ನು ಬಿಟ್ಟಿರುವುದು ನನಗೆ ನಿಜಕ್ಕೂ ಆಶ್ಚರ್ಯ ತಂದಿತು. ನೀವು ಅವಲಂಬಿಸಿರುವ ಆಕರದಲ್ಲಿಯೇ ನಿಮ್ಮ ಪರವಾದ ಗಟ್ಟಿ ಪುರಾವೆ ಇದೆ, ಅದನ್ನು ಪಕ್ಕಕ್ಕಿಟ್ಟು ಸ್ವಭಾವದ ಮೇಲಿನ ದೂರನ್ನು ಎತ್ತಿಕೊಂಡಿದ್ದೀರಿ.

ಎರಡನೆಯ ಪುಟದಲ್ಲಿ ‘ಕದನದ ಹೊತ್ತಿಗೆ ನಗರವು ವೈಭವದ ತುತ್ತತುದಿಯಲ್ಲಿತ್ತು’ ಎಂಬ ಮಾತಿಗೆ ಡೊಮಿಂಗೊ ಪಾಯೆಸ್‌ನ ವರ್ಣನೆಯನ್ನು ಆಧಾರವಾಗಿ ಕೊಟ್ಟಿದ್ದೀರಿ. ಪಾಯೆಸ್ ಬಂದದ್ದು 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ. ನೂನಿಜ್ ಬಂದದ್ದು 1530ರ ದಶಕದಲ್ಲಿ, ಅಚ್ಯುತರಾಯನ ಕಾಲದಲ್ಲಿ. ಇಬ್ಬರೂ ಕಣ್ಣಾರೆ ಕಂಡವರು, ನಂಬಲರ್ಹರು. ಆದರೆ 1565ರ ನಗರದ ಬಗ್ಗೆ ಅವರು ಏನನ್ನೂ ಹೇಳಲಾರರು. ಮೂರು-ನಾಲ್ಕು ದಶಕಗಳಲ್ಲಿ ಒಂದು ರಾಜಧಾನಿಯ ಸ್ಥಿತಿ ಎಷ್ಟು ಬದಲಾಗಿರಬಹುದೆಂಬುದನ್ನು, ಅದೂ ನಡುವೆ ಉತ್ತರಾಧಿಕಾರದ ಜಗಳಗಳು ನಡೆದಿರುವಾಗ, ನೀವೇ ಊಹಿಸಬಲ್ಲಿರಿ.

ಸೈನ್ಯದ ಸಂಖ್ಯೆಯ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ‘ರಾಮರಾಯನ ಬಳಿ ಆರು ಲಕ್ಷ ಕಾಲಾಳುಗಳೂ ಒಂದು ಲಕ್ಷ ಕುದುರೆ ಸವಾರರೂ ಇದ್ದರು’ ಎಂದು ನೇರವಾಗಿ ಬರೆದಿದ್ದೀರಿ. ಅದು ಪೋರ್ಚುಗೀಸ್ ಇತಿಹಾಸಕಾರ ಕೌಟೊ ಕೊಡುವ ಲೆಕ್ಕ. ಅದನ್ನು ಉಲ್ಲೇಖಿಸುವ ಸಿವೆಲ್ ಕೂಡ ಸಂಖ್ಯೆಗಳನ್ನು ಅಂದಾಜು ಮಾಡಬಹುದಷ್ಟೇ ಎನ್ನುತ್ತಾನೆ. ‘ಕೌಟೊನ ಪ್ರಕಾರ’ ಎಂಬ ಎರಡು ಪದಗಳನ್ನು ಸೇರಿಸಿದರೆ ಸಾಕು.

ಸೋಲಿನ ಕಾರಣವನ್ನು ಹೇಳುವ ಭಾಗದಲ್ಲಿ, ರಾಮರಾಯನ ಸೈನ್ಯದ ಇಬ್ಬರು ಮುಸ್ಲಿಂ ಸರದಾರರು ಕದನದ ನಡುವೆ ಪಕ್ಷ ಬದಲಿಸಿದರೆಂಬ ಸಂಗತಿಯನ್ನು ‘ಎಲ್ಲ ಇತಿಹಾಸಕಾರರೂ ಒಪ್ಪುತ್ತಾರೆ’ ಎಂದು ಬರೆದಿರುವುದನ್ನು ದಯವಿಟ್ಟು ತೆಗೆದುಹಾಕಿ. ಈ ಮಾತು ಬರುವುದು ವೆನಿಸ್‌ನ ವ್ಯಾಪಾರಿ ಸೀಸರ್ ಫೆಡೆರಿಚಿಯ ಪ್ರವಾಸಕಥನದಲ್ಲಿ. ಅವನು 1567ರಲ್ಲಿ ವಿಜಯನಗರಕ್ಕೆ ಬಂದು ಏಳು ತಿಂಗಳು ಅಲ್ಲಿಯೇ ಇದ್ದವನು. ಕದನವನ್ನು ಕಂಡವನಲ್ಲದಿದ್ದರೂ, ಎರಡೇ ವರ್ಷಗಳ ನಂತರ ಆ ಊರಿನ ಜನ ಏನನ್ನು ಮಾತನಾಡಿಕೊಳ್ಳುತ್ತಿದ್ದರೆಂಬುದಕ್ಕೆ ಅವನಿಗಿಂತ ಹತ್ತಿರದ ಸಾಕ್ಷಿ ನಮಗೆ ಸುಲಭವಾಗಿ ಸಿಗುವುದಿಲ್ಲ. ಫೆರಿಶ್ತಾನ ಕಥನದಲ್ಲಾದರೋ ಎದ್ದು ಕಾಣುವುದು ಬೇರೆಯ ಚಿತ್ರ: ಅಹಮದ್‌ನಗರದ ಫಿರಂಗಿಗಳಿಗೆ ಗುಂಡಿನ ಬದಲು ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿ ಹತ್ತಿರದಿಂದ ಹಾರಿಸಿದ್ದು, ಸೈನ್ಯ ಚದುರಿದಾಗ ರಾಮರಾಯ ಸೆರೆ ಸಿಕ್ಕಿದ್ದು. ಒಬ್ಬನು ದ್ರೋಹವನ್ನು ಹೇಳುತ್ತಾನೆ, ಇನ್ನೊಬ್ಬನು ಫಿರಂಗಿಯನ್ನು ಹೇಳುತ್ತಾನೆ. ಸೋತ ಊರಿನಲ್ಲಿ ಒಂದು ಕಾರಣ, ಗೆದ್ದ ಆಸ್ಥಾನದಲ್ಲಿ ಮತ್ತೊಂದು ಕಾರಣ ಏಕೆ ನಿಂತಿತು ಎಂಬುದನ್ನು ಚರ್ಚಿಸಿದರೆ ನಿಮಗೆ ಒಂದು ಸ್ವತಂತ್ರವಾದ ಪುಟವೇ ದೊರೆಯುತ್ತದೆ. ಈಗ ಅಲ್ಲಿರುವ ಸಾಲು ಆ ಚರ್ಚೆಯ ಬಾಗಿಲನ್ನೇ ಮುಚ್ಚಿಬಿಟ್ಟಿದೆ.

ಫೆಡೆರಿಚಿಯನ್ನು ಓದಲು ಒತ್ತಾಯಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ‘ನಗರದಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯಲಿಲ್ಲ’ ಎಂದು ನೀವು ಬರೆದಿದ್ದೀರಿ. ಅವನ ಮಾತಿನ ಪ್ರಕಾರ ನಗರ ಪೂರ್ತಿಯಾಗಿ ನಾಶವಾಗಿರಲಿಲ್ಲ. ಮನೆಗಳು ನಿಂತಿದ್ದವು, ಆದರೆ ಬರಿದಾಗಿದ್ದವು, ಅವುಗಳಲ್ಲಿ ಹುಲಿಗಳೂ ಕಾಡುಮೃಗಗಳೂ ಸೇರಿಕೊಂಡಿವೆಯೆಂದು ಜನ ಹೇಳುತ್ತಿದ್ದರು. ಕಳೆದ ವರ್ಷ ಎಲ್ಲರೂ ಹಂಪಿಗೆ ಹೋಗಿದ್ದಾಗ ರಾಜಾವರಣದಲ್ಲಿ ಅರಮನೆಗಳ ಕಲ್ಲಿನ ಅಧಿಷ್ಠಾನಗಳಷ್ಟೇ ಉಳಿದಿರುವುದನ್ನು ನೋಡಿದೆವು. ಮೇಲಿದ್ದ ಮರದ ಕಟ್ಟಡ ಬೆಂಕಿಗೆ ಆಹುತಿಯಾದ ಕುರುಹುಗಳು ಉತ್ಖನನದಲ್ಲಿ ದೊರೆತಿವೆ. ಅದೇ ದಿನ ವಿರೂಪಾಕ್ಷನ ಗುಡಿಯಲ್ಲಿ ಮಂಗಳಾರತಿಯನ್ನೂ ತೆಗೆದುಕೊಂಡೆವು. ಎಲ್ಲಿ ಸುಟ್ಟಿದೆ, ಎಲ್ಲಿ ಉಳಿದಿದೆ ಎಂಬ ವ್ಯತ್ಯಾಸವೇ ಒಂದು ಪುರಾವೆ. ನಿಮ್ಮ ಒಂದು ಸಾಲು ಅದನ್ನು ಅಳಿಸಿಹಾಕುತ್ತದೆ.

ಕೊನೆಯ ಪುಟದ ‘1565ರಲ್ಲಿ ಸಾಮ್ರಾಜ್ಯ ಅಂತ್ಯಗೊಂಡಿತು’ ಎಂಬ ಮಾತು ನಿಮ್ಮ ವಾದಕ್ಕೇ ವಿರುದ್ಧವಾಗಿದೆ. ರಾಮರಾಯನ ತಮ್ಮ ತಿರುಮಲನು ಪೆನುಕೊಂಡೆಗೆ ಹೋಗಿ ಅರವೀಡು ವಂಶದ ಆಳ್ವಿಕೆಯನ್ನು ಮುಂದುವರಿಸಿದನು. ರಾಜ ಒಡೆಯರು ಶ್ರೀರಂಗಪಟ್ಟಣವನ್ನು 1610ರಲ್ಲಿ ವಶಪಡಿಸಿಕೊಂಡದ್ದು ವಿಜಯನಗರದ ಪ್ರತಿನಿಧಿಯ ಕೈಯಿಂದ. ಈಸ್ಟ್ ಇಂಡಿಯಾ ಕಂಪನಿಗೆ 1639ರಲ್ಲಿ ಮದರಾಸಿನ ನೆಲ ದೊರೆತದ್ದು ಅದೇ ಅರಸರಿಗೆ ಅಧೀನನಾಗಿದ್ದ ನಾಯಕನಿಂದ. ಒಂದೇ ದಿನದ ಕದನಕ್ಕಿಂತ ರಾಜತಂತ್ರ ದೊಡ್ಡದೆಂದು ಐದು ಪುಟ ವಾದಿಸಿ, ಕೊನೆಗೆ ಒಂದೇ ದಿನದ ಕದನದಲ್ಲಿ ಎಲ್ಲವನ್ನೂ ಮುಗಿಸಿಬಿಟ್ಟಿದ್ದೀರಿ. ‘ಸಾಮ್ರಾಜ್ಯ’ದ ಜಾಗದಲ್ಲಿ ‘ರಾಜಧಾನಿ’ ಎಂದಿಟ್ಟು, ತಿರುಮಲನು ಊರನ್ನು ಮತ್ತೆ ನೆಲೆಗೊಳಿಸಲು ಯತ್ನಿಸಿ ಕೈಬಿಟ್ಟನೆಂಬ ಫೆಡೆರಿಚಿಯ ಮಾತನ್ನು ಸೇರಿಸಿದರೆ ಪ್ರಬಂಧ ತನ್ನ ದಾರಿಯಲ್ಲಿಯೇ ಮುಗಿಯುತ್ತದೆ.

ಸಲ್ಲಿಕೆಗೆ ಇನ್ನು ಒಂದು ವಾರ ಮಾತ್ರ ಇರುವುದರಿಂದ ಎಲ್ಲವನ್ನೂ ಹೊಸದಾಗಿ ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಐದನೆಯ ಪುಟವನ್ನು ಮೊದಲು ಸರಿಪಡಿಸಿ. ಸಮಯ ಉಳಿದರೆ ಸೋಲಿನ ಕಾರಣದ ಭಾಗಕ್ಕೆ ಬನ್ನಿ. ಉಳಿದವು ಒಂದೊಂದು ವಾಕ್ಯದ ಕೆಲಸ. ಫೆಡೆರಿಚಿಯ ಕಥನದ ಸಂಬಂಧಪಟ್ಟ ಭಾಗಗಳನ್ನು ಸಿವೆಲ್ ತನ್ನ ಗ್ರಂಥದಲ್ಲಿಯೇ ಕೊಟ್ಟಿದ್ದಾನೆ. ಕದನವನ್ನು ವಿವರಿಸುವ ಅಧ್ಯಾಯವನ್ನು ತೆರೆದರೆ ಸಿಗುತ್ತದೆ. ಬ್ರಿಗ್ಸ್‌ನ ಅನುವಾದದ ಮೂರನೆಯ ಸಂಪುಟ ವಿಭಾಗದ ಗ್ರಂಥಾಲಯದಲ್ಲಿದೆ, ಆದರೆ ಅದನ್ನು ಮನೆಗೆ ಕೊಡುವುದಿಲ್ಲ. ಶನಿವಾರ ಮಧ್ಯಾಹ್ನದ ತರಗತಿ ಮುಗಿದ ಮೇಲೆ ನಾನು ಅಲ್ಲಿಯೇ ಇರುತ್ತೇನೆ. ನೀವು ತಿದ್ದಿದ ಐದನೆಯ ಪುಟವನ್ನು ತಂದರೆ ಇಬ್ಬರೂ ಕುಳಿತು ಅಡಿಟಿಪ್ಪಣಿಗಳನ್ನು ಮೂಲದೊಡನೆ ತಾಳೆ ನೋಡೋಣ. ನನ್ನ ಕರಡಿನ ಮೇಲೆ ನೀವು ಬರೆಯುವ ಟಿಪ್ಪಣಿಯನ್ನೂ ಅಂದೇ ಕೊಡಿ; ಕೆಳದಿಯ ಶಾಸನಗಳನ್ನು ನಾನು ಓದಿರುವ ಕ್ರಮದ ಬಗ್ಗೆ ನಿಮಗೆ ಅನುಮಾನವಿದೆಯೆಂದು ಹೇಳಿದ್ದಿರಿ, ಅದನ್ನು ಮುಲಾಜಿಲ್ಲದೆ ಬರೆಯಿರಿ.

ಇತಿ,
ನಿಮ್ಮ ಸಹಪಾಠಿ
ಸುಮಾ